ಮ್ಯಾಪಿನಲ್ಲಿ ನಿಮ್ಮ ಅಂಗಡಿ ಎಲ್ಲಿದೆ?

ಲಗ್ಗೆರೆಯ ಒಳಕ್ರಾಸಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವರಿಗೆ ಒಂದು ಮಾತು. ಎರಡು ಬೀದಿ ಆಚೆಯವರೂ ಈಗ ಮೊಬೈಲಿನಲ್ಲಿ ‘ಟೈಲರ್’ ಎಂದು ಹುಡುಕಿಯೇ ಬರುತ್ತಾರೆ. ಅಲ್ಲಿ ಕಾಣಿಸಿಕೊಳ್ಳಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಸಾಕು, ಪೂರ್ತಿ ಉಚಿತ.

ಬೋರ್ಡಿನಲ್ಲಿರುವ ಹೆಸರನ್ನೇ ಹಾಕಿ. ‘ಬೆಸ್ಟ್ ಟೈಲರ್ ಲಗ್ಗೆರೆ’ ಎಂದೆಲ್ಲ ಬಾಲ ಸೇರಿಸಿದರೆ ಖಾತೆಯೇ ಅಮಾನತಾಗಬಹುದು. ವರ್ಗ ಕೇಳಿದಾಗ ‘ಬಟ್ಟೆ ಅಂಗಡಿ’ ಅನ್ನಬೇಡಿ, ಸೀರೆ ಕೊಳ್ಳುವವರು ಬಂದು ವಾಪಸ್ ಹೋಗುತ್ತಾರೆ. ‘ಟೈಲರ್’ ಆರಿಸಿ, ಬ್ಲೌಸ್, ಫಾಲ್ಸ್, ಆಲ್ಟರೇಷನ್ ಇವನ್ನು ಸೇವೆಗಳಲ್ಲಿ ಬರೆಯಿರಿ.

ಹೆಚ್ಚಿನವರು ಎಡವುವುದು ಪಿನ್ ವಿಷಯದಲ್ಲಿ. ವಿಳಾಸ ಟೈಪ್ ಮಾಡಿದ ಕೂಡಲೇ ಅದು ಪಕ್ಕದ ಕ್ರಾಸಿನಲ್ಲೋ ರಿಂಗ್ ರೋಡಿನ ಆಚೆಗೋ ಬಿದ್ದಿರಬಹುದು. ಸ್ಯಾಟಲೈಟ್ ನೋಟ ಹಾಕಿ, ನಿಮ್ಮ ಕಟ್ಟಡದ ಮೇಲಕ್ಕೇ ಎಳೆದು ಬಿಡಿ. ಪ್ರೊಫೈಲ್ ಮ್ಯಾಪಿನಲ್ಲಿ ಕಾಣಿಸಿಕೊಂಡ ಮೇಲೆ ಬೇರೆಯವರ ಫೋನಿನಿಂದ ದಾರಿ ಕೇಳಿ, ಅದು ತೋರಿಸಿದಂತೆ ನಡೆದು ನೋಡಿ. ಬಾಗಿಲಿಗೆ ತಲುಪಿದರೆ ಸರಿ.

ದೃಢೀಕರಣಕ್ಕೆ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಕ್ರಾಸಿನ ಫಲಕ, ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡು, ಬೀಗ ತೆಗೆಯುವ ನಿಮ್ಮ ಕೈ, ಒಳಗಿನ ಮೆಷಿನ್ನು, ಎಲ್ಲವೂ ನಡುವೆ ನಿಲ್ಲಿಸದ ಒಂದೇ ವಿಡಿಯೊದಲ್ಲಿರಲಿ. ಮೊದಲೇ ತೆಗೆದಿಟ್ಟ ತುಣುಕುಗಳನ್ನು ಅಂಟಿಸಿದರೆ ನಡೆಯದು.

ಹಾಗಂತ ಇಡೀ ಪೀಣ್ಯಕ್ಕೆ ಮೊದಲಿಗರಾಗಿ ಕಾಣುತ್ತೀರೆಂದಲ್ಲ. ಹುಡುಕುವವರು ದೂರವಿದ್ದಷ್ಟೂ ಹತ್ತಿರದ ಬೇರೆ ಟೈಲರ್ ಮುಂದೆ ಬರುತ್ತಾರೆ. ‘ಗೂಗಲ್‌ನಿಂದ ಮಾತಾಡ್ತಿದ್ದೇವೆ, ದುಡ್ಡು ಕೊಟ್ಟರೆ ಮೇಲೆ ತರ್ತೀವಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ, ಒಟಿಪಿಯನ್ನಂತೂ ಹೇಳಲೇಬೇಡಿ.