ವ್ರತದ ದಿನ ಬಂದ ಪರೀಕ್ಷೆ: ವಿಶ್ವವಿದ್ಯಾಲಯಕ್ಕೆ ಬರೆಯುವ ವಿಜ್ಞಾಪನೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವೆಂಬುದೂ, ಅದರ ಕಡೆಯ ದಿನ ಅನಂತ ಚತುರ್ದಶಿಯೆಂಬುದೂ ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ತಿಳಿದ ವಿಷಯ. ವಿಶ್ವವಿದ್ಯಾಲಯದಲ್ಲಿ ಕುಳಿತು ಪರೀಕ್ಷಾ ವೇಳಾಪಟ್ಟಿಯನ್ನು ಸಿದ್ಧಪಡಿಸುವವರಿಗೆ ಅದು ತಿಳಿದಿರಬೇಕೆಂದು ನಾವು ನಿರೀಕ್ಷಿಸಲಾಗದು. ಮಹಾವೀರ ಜಯಂತಿಗೆ ಸಾರ್ವತ್ರಿಕ ರಜೆ ಇರುವುದರಿಂದ ಆ ದಿನ ತೊಡಕಿಲ್ಲ. ಅನಂತ ಚತುರ್ದಶಿಯಾದರೋ ಕರ್ನಾಟಕ ಸರ್ಕಾರದ ಪರಿಮಿತ ರಜೆಗಳ ಪಟ್ಟಿಯಲ್ಲಿ ಅನಂತಪದ್ಮನಾಭ ವ್ರತವೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಪರಿಮಿತ ರಜೆಯೆಂದರೆ ನೌಕರನು ಬೇಕಿದ್ದರೆ ಕೇಳಿ ಪಡೆಯುವ ರಜೆ. ಕಚೇರಿಯೂ ತೆರೆದಿರುತ್ತದೆ, ಕಾಲೇಜೂ ತೆರೆದಿರುತ್ತದೆ, ಪರೀಕ್ಷೆಯೂ ನಡೆಯಬಹುದು. ಹದಿನಾಲ್ಕು ವರ್ಷಗಳ ಅನಂತ ವ್ರತವನ್ನು ಹಿಡಿದು ಉದ್ಯಾಪನೆಯ ಸಮೀಪಕ್ಕೆ ಬಂದ ವಿದ್ಯಾರ್ಥಿನಿಯೊಬ್ಬಳಿಗೆ ಅದೇ ದಿನ ಪರೀಕ್ಷೆ ಬಂದರೆ ಅವಳೇನು ಮಾಡಬೇಕು? ಮನೆಯವರು ವಿಶ್ವವಿದ್ಯಾಲಯಕ್ಕೆ ಏನನ್ನು, ಯಾವಾಗ, ಯಾರ ಮೂಲಕ ಕೇಳಬೇಕು? ಇದನ್ನೇ ಇಲ್ಲಿ ವಿಚಾರ ಮಾಡೋಣ.

ಮೊದಲು ವ್ರತವು ಏನನ್ನು ಬೇಡುತ್ತದೆ ಎಂಬುದು ನಮಗೇ ಸ್ಪಷ್ಟವಿರಬೇಕು. ಏಕಾಶನ ಮಾಡುವವನು ದಿನಕ್ಕೆ ಒಂದು ಸಲ ಊಟ ಮಾಡುತ್ತಾನೆ. ಅವನಿಗೆ ಪರೀಕ್ಷೆ ಬರೆಯಲು ವ್ರತದ ಕಡೆಯಿಂದ ಅಡ್ಡಿಯಿಲ್ಲ. ಉಪವಾಸವೆಂದರೆ ಚತುರ್ವಿಧ ಆಹಾರದ ತ್ಯಾಗ. ಅದರಲ್ಲಿಯೂ ಮೂರು ಗಂಟೆ ಕುಳಿತು ಬರೆದರೆ ಉಪವಾಸ ಮುರಿಯಿತೆನ್ನಲಾಗದು. ದೇಹಕ್ಕೆ ಶ್ರಮವಾಗುತ್ತದೆ, ಅಷ್ಟೆ. ಪ್ರೋಷಧೋಪವಾಸದ ಮಾತು ಬೇರೆ. ರತ್ನಕರಂಡ ಶ್ರಾವಕಾಚಾರವು ಹೇಳುವಂತೆ ಪ್ರೋಷಧವೆಂದರೆ ಒಂದು ಹೊತ್ತಿನ ಊಟ. ಮೊದಲ ದಿನ ಏಕಭುಕ್ತ, ಪರ್ವದ ದಿನ ಉಪವಾಸ, ಮರುದಿನ ಮತ್ತೆ ಏಕಭುಕ್ತ. ಉಪವಾಸದ ದಿನ ಅಲಂಕಾರ, ಸ್ನಾನ, ಗಂಧಪುಷ್ಪಗಳೊಡನೆ ಆರಂಭವನ್ನೂ, ಅಂದರೆ ಲೌಕಿಕ ಉದ್ಯೋಗವನ್ನೂ ಬಿಡಬೇಕು. ಕಾಲವನ್ನು ಧರ್ಮಶ್ರವಣದಲ್ಲಿಯೂ ಧ್ಯಾನದಲ್ಲಿಯೂ ಕಳೆಯಬೇಕು. ಅಂಕಗಳಿಗಾಗಿ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಬರೆಯುವುದು ಈ ತ್ಯಾಗದೊಡನೆ ಹೊಂದುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನವನ್ನು ಬದಲಿಸಿರೆಂಬ ಬಿನ್ನಹಕ್ಕೆ ನಿಜವಾದ ಕಾರಣವಿರುವುದು ಪ್ರೋಷಧೋಪವಾಸವನ್ನು ನಿಯಮವಾಗಿ ಹಿಡಿದವರಿಗೆ, ಹತ್ತೂ ದಿನ ಉಪವಾಸ ಮಾಡುವವರಿಗೆ, ಅನಂತ ವ್ರತವನ್ನು ಪ್ರೋಷಧ ಸಹಿತ ಪಾಲಿಸುವವರಿಗೆ. ಉಳಿದವರು ಈ ಕಾರಣವನ್ನು ಎರವಲು ಪಡೆದು ಅರ್ಜಿ ಹಾಕಿದರೆ, ನಿಜವಾಗಿ ಕಷ್ಟದಲ್ಲಿರುವವರ ಅರ್ಜಿಯ ತೂಕವೂ ಕಡಿಮೆಯಾಗುತ್ತದೆ. ಉಪವಾಸದಿಂದ ನಿತ್ರಾಣವಾಗುತ್ತದೆಂದು ಬರೆಯುವುದೂ ಬೇಡ. ಹಾಗೆ ಬರೆದರೆ ಅದು ಅನಾರೋಗ್ಯದ ಅರ್ಜಿಯಾಗಿ, ವೈದ್ಯರ ಪ್ರಮಾಣಪತ್ರವನ್ನು ತನ್ನಿರೆಂಬ ಉತ್ತರ ಬರುತ್ತದೆ.

ಎರಡನೆಯದು ದಿನದ ನಿರ್ಣಯ. ಕಚೇರಿಯ ಗುಮಾಸ್ತರು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ವ್ರತಕ್ಕೆ ತಿಥಿಯನ್ನು ಹಿಡಿಯುವಾಗ ಸೂರ್ಯೋದಯದ ಅನಂತರ ಅದು ಆರು ಘಳಿಗೆಯಾದರೂ, ಅಂದರೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷವಾದರೂ ಇರಬೇಕೆಂಬ ನಿಯಮವಿದೆ. ಹೀಗಾಗಿ ಕೆಲವು ವರ್ಷ ನಮ್ಮ ದಿನಕ್ಕೂ ಗೋಡೆಯ ಕ್ಯಾಲೆಂಡರಿನ ದಿನಕ್ಕೂ ಒಂದು ದಿನದ ವ್ಯತ್ಯಾಸ ಬರಬಹುದು. ಅಂಥ ವರ್ಷ ಅರ್ಜಿಯಲ್ಲಿ ಬರಿಯ ಹಬ್ಬದ ಹೆಸರನ್ನು ಬರೆದರೆ, ಆ ದಿನ ಪರೀಕ್ಷೆಯೇ ಇಲ್ಲವಲ್ಲ ಎಂದು ಕಾಗದ ಹಿಂದಿರುಗುತ್ತದೆ. ೨೦೨೪ರಲ್ಲಿ ಅನಂತ ಚತುರ್ದಶಿ ಸೆಪ್ಟೆಂಬರ್ ೧೭ರಂದು ಬಂದಿತು. ೨೦೨೫ರಲ್ಲಿ ಸೆಪ್ಟೆಂಬರ್ ೬ರಂದು. ೨೦೨೬ರಲ್ಲಿ ಅಧಿಕ ಜ್ಯೇಷ್ಠ ಮಾಸವಿರುವುದರಿಂದ ಅದು ಸೆಪ್ಟೆಂಬರ್ ೨೫, ಶುಕ್ರವಾರಕ್ಕೆ ಸರಿಯುತ್ತದೆ. ಇಷ್ಟು ಹಿಂದುಮುಂದಾಗುವ ದಿನವನ್ನು ಹಿಂದಿನ ವರ್ಷದ ನೆನಪಿನಿಂದ ಊಹಿಸಲಾಗದು. ಪ್ರತಿ ವರ್ಷವೂ ದಿನಾಂಕವನ್ನು, ವಾರವನ್ನು, ತಿಥಿಯನ್ನು ಮೂರನ್ನೂ ಬರೆದು, ಜೈನ ಪಂಚಾಂಗದ ಆ ಪುಟದ ಪ್ರತಿಯನ್ನು ಲಗತ್ತಿಸಬೇಕು. ಸರ್ಕಾರದ ಪರಿಮಿತ ರಜೆಯ ಪಟ್ಟಿಯಲ್ಲಿ ಅದೇ ದಿನವಿದ್ದರೆ ಅದರ ಪ್ರತಿಯೂ ಇರಲಿ. ಕಚೇರಿಗೆ ಸರ್ಕಾರದ ಮುದ್ರೆಯ ಕಾಗದವು ಬೇಗ ಅರ್ಥವಾಗುತ್ತದೆ.

ಈಗ ವಿಶ್ವವಿದ್ಯಾಲಯದ ಕಡೆಯನ್ನು ನೋಡೋಣ. ಹೊಸಪೇಟೆ, ಕಂಪ್ಲಿ, ಸಂಡೂರು ಪ್ರದೇಶದ ಪದವಿ ಕಾಲೇಜುಗಳು ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದು, ೨೦೧೦ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂದವು. ಟಿ.ಬಿ. ಡ್ಯಾಂನ ನಮ್ಮ ಮನೆಗಳ ಮಕ್ಕಳು ಪದವಿಗೆ ಹೆಚ್ಚಾಗಿ ಈ ಕಾಲೇಜುಗಳಿಗೇ ಹೋಗುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ಹೊಣೆ ಕುಲಸಚಿವರು (ಮೌಲ್ಯಮಾಪನ) ಎಂಬ ಅಧಿಕಾರಿಯದು. ವೇಳಾಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ತಾತ್ಕಾಲಿಕ ಪಟ್ಟಿಯನ್ನು ಕಾಲೇಜುಗಳಿಗೆ ಕಳುಹಿಸಿ, ಲೋಪದೋಷಗಳಿದ್ದರೆ ಇಂಥ ದಿನದೊಳಗೆ ತಿಳಿಸಿರೆಂದು ಕೇಳುವ ಪದ್ಧತಿ ಹಲವು ಕಡೆ ಇದೆ. ಒಂದೇ ದಿನ ಎರಡು ವಿಷಯಗಳು ಬಿದ್ದಿವೆಯೆ ಎಂದು ನೋಡಲು ಆ ಅವಧಿಯನ್ನು ಕೊಟ್ಟಿರುತ್ತಾರೆ. ನಮ್ಮ ಬಿನ್ನಹಕ್ಕೂ ಅದೇ ಸರಿಯಾದ ಬಾಗಿಲು. ಆ ಬಾಗಿಲು ಮುಚ್ಚಿದ ಮೇಲೆ ಪ್ರಶ್ನಪತ್ರಿಕೆಗಳು ದಿನ, ವಿಷಯ, ಕೇಂದ್ರಗಳ ಪ್ರಕಾರ ಲಕೋಟೆಗಳಲ್ಲಿ ಮೊಹರಾಗುತ್ತವೆ. ಪರೀಕ್ಷಾ ಕೇಂದ್ರಗಳಲ್ಲಿ ಮೇಲ್ವಿಚಾರಣೆ ಮಾಡಿದವರೆಲ್ಲ ಬಲ್ಲರು, ಒಮ್ಮೆ ಮೊಹರಾದ ಲಕೋಟೆಯ ದಿನವನ್ನು ಬದಲಿಸಲು ಯಾರೂ ಒಪ್ಪುವುದಿಲ್ಲ.

ಒಬ್ಬಳೇ ವಿದ್ಯಾರ್ಥಿನಿಗೆ ಬೇರೆ ದಿನ ಪರೀಕ್ಷೆ ಮಾಡಿರೆಂದು ಕೇಳುವುದು ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಅದೇ ಕಷ್ಟದ ಕೋರಿಕೆ. ಎಲ್ಲ ಕೇಂದ್ರಗಳಲ್ಲಿಯೂ ಒಂದೇ ಪ್ರಶ್ನಪತ್ರಿಕೆ ಒಂದೇ ಗಳಿಗೆಯಲ್ಲಿ ತೆರೆಯುವುದು ನಮ್ಮ ಪದ್ಧತಿ. ಒಬ್ಬಳು ಮರುದಿನ ಬರೆಯಬೇಕಾದರೆ ಎರಡನೆಯ ಪ್ರಶ್ನಪತ್ರಿಕೆ ಬೇಕು, ಅದನ್ನು ರಚಿಸಿ ಪರಿಶೀಲಿಸುವವರು ಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಕಾಯ್ದೆಯಲ್ಲಿ ಧರ್ಮಾಚರಣೆಯ ಕಾರಣದಿಂದ ಪರೀಕ್ಷೆ ತಪ್ಪಿದವರಿಗೆ ಸಮಾನವಾದ ಇನ್ನೊಂದು ಅವಕಾಶ ಕೊಡಬೇಕೆಂಬ ವಿಧಿಯಿದೆ. ಅಲ್ಲಿ ಪಾಠ ಹೇಳುವ ಅಧ್ಯಾಪಕರೇ ಪ್ರಶ್ನೆಗಳನ್ನೂ ರಚಿಸುವುದು ರೂಢಿಯಾದ್ದರಿಂದ ಅದು ನಡೆಯುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಪ್ರಾಯೋಗಿಕ ಪರೀಕ್ಷೆ ಮತ್ತು ಆಂತರಿಕ ಪರೀಕ್ಷೆಗಳು. ಅಲ್ಲಿ ತಂಡವನ್ನು ಬದಲಿಸಿಕೊಡುವುದು ಕಾಲೇಜಿನ ಕೈಯಲ್ಲಿಯೇ ಇರುತ್ತದೆ. ವಿಭಾಗದ ಮುಖ್ಯಸ್ಥರನ್ನು ಒಂದು ವಾರ ಮೊದಲು ಕಂಡು ಕೇಳಿದರೆ ಸಾಕು. ಲಿಖಿತ ಪರೀಕ್ಷೆಗಾದರೆ ಆ ವಿಷಯದ ಪರೀಕ್ಷೆಯನ್ನೇ ಎಲ್ಲರಿಗೂ ಇನ್ನೊಂದು ಬಿಡುವಿನ ದಿನಕ್ಕೆ ಸರಿಸಿರೆಂದು, ಪಟ್ಟಿ ಅಂತಿಮವಾಗುವ ಮೊದಲೇ ಕೇಳಬೇಕು.

ಮೊದಲೇ ಕೇಳುವುದಕ್ಕೂ ಕೊನೆಗೆ ಕೇಳುವುದಕ್ಕೂ ಎಷ್ಟು ಅಂತರವೆಂಬುದು ೨೦೨೫ರ ಸಂಕ್ರಾಂತಿಯಲ್ಲಿ ಕಂಡಿತು. ಆ ವರ್ಷ ಜನವರಿ ೧೪ರಂದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಫೌಂಡೇಶನ್ ಪರೀಕ್ಷೆಯೊಂದು ಬಿದ್ದಿತ್ತು. ಸಂಸ್ಥೆಯು ಹಿಂದಿನ ನವೆಂಬರ್ ತಿಂಗಳಲ್ಲಿಯೇ ಅದನ್ನು ಜನವರಿ ೧೬ಕ್ಕೆ ಸರಿಸಿತು; ವಿದ್ಯಾರ್ಥಿಗಳಿಗೆ ಸಿದ್ಧರಾಗಲು ಸಾಕಷ್ಟು ಕಾಲ ಸಿಕ್ಕಿತು. ಜನವರಿ ೧೫ರಂದು ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಇತ್ತು. ಪೊಂಗಲ್, ಮಕರ ಸಂಕ್ರಾಂತಿಗಳ ಕಾರಣದಿಂದ ಮುಂದೂಡಬೇಕೆಂಬ ಮನವಿಗಳು ಬಂದಿವೆಯೆಂದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಅದನ್ನು ಮುಂದೂಡಿದ್ದು ಜನವರಿ ೧೩ರಂದು, ಕೇವಲ ಎರಡು ದಿನ ಮೊದಲು. ಆ ಪರೀಕ್ಷೆ ಬಳಿಕ ೨೧ ಮತ್ತು ೨೭ರಂದು ನಡೆಯಿತು. ಎರಡೂ ಕಡೆ ಬಿನ್ನಹ ಫಲಿಸಿತು. ಆದರೆ ಎರಡನೆಯದರಲ್ಲಿ ದೂರದ ಕೇಂದ್ರಗಳಿಗೆ ಹೊರಡಲು ಸಿದ್ಧರಾಗಿದ್ದವರ ಪಾಡು ಏನಾಗಿರಬೇಡ! ಸಂಕ್ರಾಂತಿಗೆ ರಾಜ್ಯ ರಾಜ್ಯಗಳೇ ದನಿಗೂಡಿಸುತ್ತವೆ. ಅನಂತ ಚತುರ್ದಶಿಗೆ ದನಿಗೂಡಿಸುವವರು ನಾವು ಕೆಲವೇ ಮನೆಗಳವರು. ಕೊನೆಯ ಗಳಿಗೆಯ ಕೋರಿಕೆಗೆ ಬೇಕಾದ ಜನಬಲ ನಮ್ಮಲ್ಲಿಲ್ಲ. ಕಾಲವನ್ನು ಮುಂಚಿತವಾಗಿ ಬಳಸಿಕೊಳ್ಳುವುದೊಂದೇ ನಮ್ಮ ಬಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಾತ್ಕಾಲಿಕ ಪಟ್ಟಿಯಲ್ಲಿ ೨೦೨೬ರ ಸೆಪ್ಟೆಂಬರ್ ೨೫ರ ಮಧ್ಯಾಹ್ನ ರಸಾಯನಶಾಸ್ತ್ರವಿದೆ. ಸೆಪ್ಟೆಂಬರ್ ೨೯, ಮಂಗಳವಾರ ಆ ತರಗತಿಗೆ ಯಾವ ಪರೀಕ್ಷೆಯೂ ಇಲ್ಲ. ಮರುದಿನವಾದ ೨೬ನ್ನು ಕೇಳಬಾರದು. ಅದು ಪಾರಣೆಯ ದಿನ, ಪ್ರೋಷಧದ ಎರಡನೆಯ ಏಕಭುಕ್ತವೂ ಅಂದೇ. ಸರಿಸುವ ದಿನ ಬೇರೆ ಯಾವ ಸಮುದಾಯದ ಹಬ್ಬಕ್ಕೂ ತಗಲಬಾರದೆಂದು ನಾವೇ ನೋಡಿಕೊಂಡಿರಬೇಕು. ಅರ್ಜಿಯು ವಿದ್ಯಾರ್ಥಿನಿಯ ಹೆಸರಿನಲ್ಲಿದ್ದು, ಪ್ರಾಂಶುಪಾಲರ ಶಿಫಾರಸಿನೊಡನೆ ಹೋಗಬೇಕು. ಬಸದಿಯ ಸಮಿತಿಯ ಪತ್ರವು ಅದರ ಜೊತೆಗಿರಲಿ, ಬದಲಾಗಿ ಬೇಡ. ಒಕ್ಕಣೆ ಹೀಗಿರಬಹುದು:

“ಮಾನ್ಯರೆ, ನಾನು ದಿಗಂಬರ ಜೈನ ಸಮುದಾಯದವಳು. ದಿನಾಂಕ ೨೫-೯-೨೦೨೬, ಶುಕ್ರವಾರ, ಭಾದ್ರಪದ ಶುಕ್ಲ ಚತುರ್ದಶಿಯು ನಮ್ಮ ದಶಲಕ್ಷಣ ಪರ್ವದ ಕೊನೆಯ ದಿನವಾದ ಅನಂತ ಚತುರ್ದಶಿಯಾಗಿದೆ. ಅಂದು ನಾನು ವ್ರತನಿಯಮದಂತೆ ನಿರಾಹಾರಳಾಗಿ, ಲೌಕಿಕ ಕಾರ್ಯಗಳನ್ನು ಬಿಟ್ಟು ಬಸದಿಯಲ್ಲಿರಬೇಕಾಗಿದೆ. ತಾತ್ಕಾಲಿಕ ವೇಳಾಪಟ್ಟಿಯಂತೆ ಅದೇ ದಿನ ರಸಾಯನಶಾಸ್ತ್ರ ಪರೀಕ್ಷೆಯಿದೆ. ೨೯-೯-೨೦೨೬ರಂದು ಈ ತರಗತಿಗೆ ಪರೀಕ್ಷೆಯಿಲ್ಲದಿರುವುದರಿಂದ, ಸಾಧ್ಯವಾದರೆ ಅಂದಿಗೆ ಬದಲಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಪಂಚಾಂಗದ ಪ್ರತಿಯನ್ನು ಲಗತ್ತಿಸಿದ್ದೇನೆ.”

ಇದಕ್ಕಿಂತ ಹೆಚ್ಚು ಬೇಡ. ಸಂವಿಧಾನದ ೨೫ನೆಯ ವಿಧಿಯನ್ನೂ, ೨೦೧೪ರಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ್ದನ್ನೂ ಕೆಲವರು ಅರ್ಜಿಯ ಮೊದಲ ಸಾಲಿನಲ್ಲಿಯೇ ಬರೆಯುತ್ತಾರೆ. ಇವೆರಡೂ ನಿಜವೇ, ಆದರೆ ಇವುಗಳಿಂದ ಪರೀಕ್ಷೆಯನ್ನು ಸರಿಸಲೇಬೇಕೆಂಬ ಕಟ್ಟಳೆ ಹುಟ್ಟುವುದಿಲ್ಲ. ನಮ್ಮ ನೆರೆಯ ಆನೆಗೊಂದಿಯ ಜೈನರೂ ಸೇರಿ ೧೩೬೮ರಲ್ಲಿ ಬುಕ್ಕರಾಯನಿಗೆ ಮಾಡಿಕೊಂಡ ಬಿನ್ನಹವು ಶ್ರವಣಬೆಳಗೊಳದ ಶಾಸನದಲ್ಲಿದೆ. ಅಲ್ಲಿ ತೀರ್ಮಾನವಾದದ್ದು ಪಂಚಮಹಾವಾದ್ಯ ಮತ್ತು ಕಲಶ ಎಂಬ ಎರಡು ನಿರ್ದಿಷ್ಟ ವಿಷಯಗಳ ಮೇಲೆ. ಅರಸನಿಗೂ ಅಧಿಕಾರಿಗೂ ಹೌದೆನ್ನಲು ಒಂದು ನಿರ್ದಿಷ್ಟ ವಸ್ತು ಮುಂದಿರಬೇಕು.

ಇಷ್ಟು ಮಾಡಿದರೂ ಉತ್ತರ ಇಲ್ಲವೆಂದೇ ಬರಬಹುದು. ಆಗ ವಿದ್ಯಾರ್ಥಿನಿಗೆ ಎರಡು ದಾರಿಗಳಿವೆ. ಪರೀಕ್ಷೆಯನ್ನು ಬಿಟ್ಟರೆ ಮುಂದಿನ ಸಲ ಬರೆಯಬಹುದು. ಆದರೆ ಮೊದಲ ಪ್ರಯತ್ನದಲ್ಲಿಯೇ ಎಲ್ಲವನ್ನೂ ಮುಗಿಸಿದವರಿಗೆ ಮಾತ್ರ ರ‍್ಯಾಂಕು ಎಂಬ ನಿಯಮ ಹಲವು ವಿಶ್ವವಿದ್ಯಾಲಯಗಳಲ್ಲಿದೆ, ಅದನ್ನು ಮೊದಲೇ ಓದಿಕೊಂಡಿರಬೇಕು. ಪರೀಕ್ಷೆ ಬರೆಯುವುದಾದರೆ ಉಪವಾಸವನ್ನು ಉಳಿಸಿಕೊಂಡು, ಬೆಳಗಿನ ಪೂಜೆಯನ್ನು ಮುಗಿಸಿ ಹೋಗಿ, ಸಂಜೆಯ ಅಭಿಷೇಕದ ಹೊತ್ತಿಗೆ ಬಸದಿಗೆ ಮರಳಬಹುದು. ಪ್ರೋಷಧದಲ್ಲಿ ಬಂದ ಕೊರತೆಗೆ ಗುರುಗಳಲ್ಲಿ ಪ್ರಾಯಶ್ಚಿತ್ತವನ್ನು ಕೇಳಿ ಪಡೆಯಬೇಕು. ಯಾವುದನ್ನು ಆರಿಸಬೇಕೆಂಬುದನ್ನು ವ್ರತ ಹಿಡಿದವಳೇ ನಿಶ್ಚಯಿಸಲಿ, ತಂದೆತಾಯಿಗಳು ಒತ್ತಾಯಿಸಬಾರದು. ಅರ್ಜಿಯ ಪ್ರತಿಯನ್ನೂ ಬಂದ ಉತ್ತರವನ್ನೂ ಬಸದಿಯ ಕಡತದಲ್ಲಿ ತೆಗೆದಿಡಬೇಕು. ಮುಂದಿನ ಶೈಕ್ಷಣಿಕ ವರ್ಷದ ದಿನಸೂಚಿ ಸಿದ್ಧವಾಗುವ ಮೊದಲು ದಶಲಕ್ಷಣದ ಹತ್ತು ದಿನಗಳ ಪಟ್ಟಿಯೊಡನೆ ಅದನ್ನು ಕುಲಸಚಿವರ ಕಚೇರಿಗೆ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು.