ಸಾಲ ಮಂಜೂರಾತಿ ಪತ್ರದ ಕನ್ನಡ ಮತ್ತು ತಿಂಗಳ ಕಂತಿನ ಲೆಕ್ಕ

ಬೆಳೆ ಸಾಲವನ್ನು ರೈತರು ಸುಗ್ಗಿಯ ನಂತರ ತೀರಿಸುತ್ತಾರೆ. ಹಸು ಕೊಳ್ಳಲು ಪಡೆದ ಸಾಲವನ್ನಾದರೋ ಸಾಮಾನ್ಯವಾಗಿ ತಿಂಗಳ ಕಂತಿನಲ್ಲಿ ತೀರಿಸಬೇಕಾಗುತ್ತದೆ. ಡೇರಿಯ ಬಟವಾಡೆಯಿಂದಲೇ ಆ ಕಂತು ಹೊರಡಬೇಕು. ಮಂಜೂರಾತಿ ಪತ್ರ ಇಂಗ್ಲಿಷಿನಲ್ಲಿದ್ದಾಗ ಅದನ್ನು ಓದಿ ಹೇಳುವವರು ಒಂದು ಪದವನ್ನು ತಪ್ಪಾಗಿ ಕನ್ನಡಿಸಿದರೂ ಕಂತಿನ ಮೊತ್ತ ರೈತನ ಅಂದಾಜನ್ನು ಮೀರುತ್ತದೆ. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಒಬ್ಬ ರೈತ ತಲಾ 75,000 ರೂಪಾಯಿಯ ಎರಡು ಮಿಶ್ರತಳಿ ಹಸುಗಳನ್ನು ಕೊಳ್ಳಬೇಕೆಂದಿದ್ದಾನೆ. ಒಟ್ಟು ವೆಚ್ಚ 1,50,000 ರೂ. ಪತ್ರದಲ್ಲಿ ಮಾರ್ಜಿನ್ ಶೇ. 20, ಸಾಲ 1,20,000 ರೂ., ಬಡ್ಡಿ ವರ್ಷಕ್ಕೆ ಶೇ. 12, ಅವಧಿ 36 ತಿಂಗಳು ಎಂದಿದೆ ಎಂದು ಇಟ್ಟುಕೊಳ್ಳೋಣ.

ಪದಗಳ ಸರಿಯಾದ ಅರ್ಥ

'ಮಾರ್ಜಿನ್' ಎಂದರೆ ಇಲ್ಲಿ ಲಾಭವಲ್ಲ, ರೈತ ತನ್ನ ಕೈಯಿಂದ ಹಾಕಬೇಕಾದ ಸ್ವಂತ ಪಾಲು. ಈ ಉದಾಹರಣೆಯಲ್ಲಿ ಅದು 30,000 ರೂ. 'ಪ್ರಿನ್ಸಿಪಲ್' ಎಂದರೆ ಅಸಲು. 'ಟೆನ್ಯೂರ್' ಎಂದರೆ ಸಾಲ ತೀರಿಸುವ ಅವಧಿ. 'ರೆಡ್ಯೂಸಿಂಗ್ ಬ್ಯಾಲೆನ್ಸ್' ಎಂದರೆ ಬಡ್ಡಿ ಕಡಿಮೆಯಾಗುತ್ತದೆ ಎಂದಲ್ಲ. ಪ್ರತಿ ತಿಂಗಳು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದು. 'ಫ್ಲ್ಯಾಟ್ ರೇಟ್' ಎಂದರೆ ಕಂತು ಕಟ್ಟುತ್ತ ಹೋದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಕೊನೆಯವರೆಗೆ ಬಡ್ಡಿ.

ಹೆಚ್ಚು ಮೋಸ ಹೋಗುವುದು 'ಮಾರಟೋರಿಯಂ' ಎಂಬ ಪದದಲ್ಲಿ. ಇದನ್ನು 'ವಿನಾಯಿತಿ' ಎಂದು ಹೇಳಿದರೆ ಆ ತಿಂಗಳುಗಳಿಗೆ ಬಡ್ಡಿಯೇ ಇಲ್ಲವೆಂದು ರೈತ ಭಾವಿಸುತ್ತಾನೆ. 'ಕಂತು ಆರಂಭಕ್ಕೆ ಮುಂಚಿನ ಬಿಡುವು' ಎಂಬುದು ಸರಿಯಾದ ಅರ್ಥ. ಬಿಡುವು ಕಂತಿಗೆ, ಪತ್ರದಲ್ಲಿ ಬಡ್ಡಿ ಇಲ್ಲವೆಂದು ಸ್ಪಷ್ಟವಾಗಿ ಬರೆದಿರದಿದ್ದರೆ ಬಡ್ಡಿಗೆ ಬಿಡುವಿಲ್ಲ.

ಕಂತನ್ನು ಕಂಡುಹಿಡಿಯುವ ಕ್ರಮ

ಮೊದಲು ವಾರ್ಷಿಕ ದರವನ್ನು 12ರಿಂದ ಭಾಗಿಸಬೇಕು. ಶೇ. 12 ಆದರೆ ತಿಂಗಳಿಗೆ ಶೇ. 1, ಅಂದರೆ 0.01. ಇದಕ್ಕೆ 1 ಕೂಡಿಸಿದರೆ 1.01. ಈ ಸಂಖ್ಯೆಯನ್ನು ಕಂತುಗಳಷ್ಟು ಸಲ, ಅಂದರೆ 36 ಸಲ ಬರೆದು ಒಂದಕ್ಕೊಂದು ಗುಣಿಸಿದರೆ 1.43077 ಬರುತ್ತದೆ. ಸಾಧಾರಣ ಲೆಕ್ಕಯಂತ್ರದಲ್ಲೂ ಇದನ್ನು ಮಾಡಬಹುದು. ಇದನ್ನು 'ಗುಣಕ' ಎಂದು ಕರೆಯೋಣ.

ಕಂತು = ಅಸಲು × ತಿಂಗಳ ದರ × ಗುಣಕ ÷ (ಗುಣಕ − 1)

1,20,000 × 0.01 × 1.43077 = 1,716.92. ಇದನ್ನು 0.43077ರಿಂದ ಭಾಗಿಸಿದರೆ 3,985.71, ಅಂದರೆ ತಿಂಗಳಿಗೆ 3,986 ರೂ.

ಲೆಕ್ಕ ಸರಿಯೇ ಎಂದು ನೋಡಲು ಮೊದಲ ಎರಡು ತಿಂಗಳು ಸಾಕು. ಮೊದಲ ತಿಂಗಳ ಬಡ್ಡಿ 1,200 ರೂ.; ಕಂತಿನಲ್ಲಿ ಉಳಿದ 2,786 ರೂ. ಅಸಲಿಗೆ ಜಮಾ ಆಗಿ ಬಾಕಿ 1,17,214 ರೂ. ಆಗುತ್ತದೆ. ಎರಡನೆಯ ತಿಂಗಳ ಬಡ್ಡಿ 1,172 ರೂ.ಗೆ ಇಳಿಯಬೇಕು. ಸಾಲದ ಖಾತೆಯಲ್ಲಿ ಅದು ಮತ್ತೆ 1,200 ರೂ. ಎಂದಿದ್ದರೆ ಬಡ್ಡಿ ಉಳಿದ ಬಾಕಿಯ ಮೇಲೆ ಬೀಳುತ್ತಿಲ್ಲವೆಂದು ತಿಳಿಯಬೇಕು.

ಒಂದೊಂದು ಪದಕ್ಕೂ ಬೇರೆ ಕಂತು

ಇದೇ ಸಾಲಕ್ಕೆ 3 ತಿಂಗಳ ಬಿಡುವು ಕೊಟ್ಟು, ಆ ಅವಧಿಯ ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸಿದರೆ ಅಸಲು 1,23,636 ರೂ. ಆಗುತ್ತದೆ. ಬಿಡುವಿನ ನಂತರ 36 ಕಂತುಗಳಿದ್ದರೆ ಕಂತು 4,106 ರೂ. ಬಿಡುವೂ ಸೇರಿ ಒಟ್ಟು 36 ತಿಂಗಳೆಂದಿದ್ದರೆ ಕಂತುಗಳು 33 ಮಾತ್ರ ಉಳಿದು, ಪ್ರತಿಯೊಂದೂ 4,417 ರೂ. ಆಗುತ್ತದೆ. ಆದ್ದರಿಂದ ಅವಧಿಯಲ್ಲಿ ಬಿಡುವು ಸೇರಿದೆಯೇ ಇಲ್ಲವೇ ಎಂಬುದನ್ನು ಬರವಣಿಗೆಯಲ್ಲಿಯೇ ಕೇಳಿ ಪಡೆಯಬೇಕು.

ಬಿಡುವಿಲ್ಲದೆ ಶೇ. 12 ಫ್ಲ್ಯಾಟ್ ದರವಾದರೆ 3 ವರ್ಷದ ಬಡ್ಡಿ 43,200 ರೂ. ಒಟ್ಟು 1,63,200 ರೂ.ಗಳನ್ನು 36ರಿಂದ ಭಾಗಿಸಿದರೆ ಕಂತು 4,533 ರೂ. ಉಳಿದ ಬಾಕಿಯ ಮೇಲಿನ ಬಡ್ಡಿಗೆ ಹೋಲಿಸಿದರೆ ಇದು ಸುಮಾರು ಶೇ. 21ಕ್ಕೆ ಸಮ. ದರ ಅದೇ 12. ಆದರೆ ರೈತ ತಿಂಗಳಿಗೆ 547 ರೂ. ಹೆಚ್ಚು ತೆರುತ್ತಾನೆ.

ಸಹಿಗೆ ಮುನ್ನ

2024ರ ಏಪ್ರಿಲ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಚಿಲ್ಲರೆ ಸಾಲಗಳಿಗೆ ಹಾಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ ಸಂಬಂಧಿಸಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ವಿವರಗಳ ಪತ್ರ ಕೊಡಬೇಕೆಂದು ಸೂಚಿಸಿತು. ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರ ಮತ್ತು ಕಂತುಗಳ ಪಟ್ಟಿ ಇರುತ್ತದೆ. ರೈತರು ತಮ್ಮ ಸಾಲಕ್ಕೂ ಅಂಥ ಪಟ್ಟಿಯನ್ನು ಕೇಳುವುದು ಒಳ್ಳೆಯದು.

ವಿಸ್ತರಣಾ ಕಾರ್ಯಕರ್ತರು ಪತ್ರವನ್ನು ಇಡಿಯಾಗಿ ಅನುವಾದಿಸಬೇಕಾಗಿಲ್ಲ. ಸ್ವಂತ ಪಾಲು, ಅಸಲು, ಬಡ್ಡಿ ಯಾವುದರ ಮೇಲೆ, ಬಿಡುವಿನ ಬಡ್ಡಿ ಎಲ್ಲಿಗೆ ಸೇರುತ್ತದೆ, ಕಂತುಗಳು ಎಷ್ಟು ಎಂಬ ಐದು ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಕೆಳಗೆ ತಾವು ಲೆಕ್ಕ ಹಾಕಿದ ಕಂತನ್ನೂ ಬ್ಯಾಂಕಿನ ಕಂತನ್ನೂ ಎದುರುಬದುರಾಗಿ ನಮೂದಿಸಬೇಕು. ಕೆಲವೇ ರೂಪಾಯಿಗಳ ಅಂತರ ದಿನಗಳ ಲೆಕ್ಕದಿಂದ ಬಂದಿರಬಹುದು. ನೂರಾರು ರೂಪಾಯಿ ವ್ಯತ್ಯಾಸವಿದ್ದರೆ ಅದರ ಕಾರಣ ತಿಳಿಯುವವರೆಗೆ ರೈತರು ಸಹಿ ಮಾಡಬಾರದು.