ಒಂದೇ ವಾಪಸಾತಿ, ಎರಡು ಸಲ ನಮೂದು

ನಿಮ್ಮ ಪುಸ್ತಕದ ಪ್ರಕಾರ ಸಗಟು ವ್ಯಾಪಾರಿಗೆ ಕೊಡಬೇಕಾದ್ದು 31,500 ರೂಪಾಯಿ, ಅವರ ಪ್ರಕಾರ 42,000. ವ್ಯತ್ಯಾಸ 10,500. ನೀವು ವಾಪಸು ಕಳಿಸಿದ ಹತ್ತು ಸೀರೆಗಳ ಮೊತ್ತವೂ ತೆರಿಗೆ ಸೇರಿ ಅಷ್ಟೇ ಅಲ್ಲವೇ? ಹಾಗಾದರೆ ಮೊದಲು ನಿಮ್ಮ ಡೆಬಿಟ್ ನೋಟನ್ನು ಬರೆದು, ಆಮೇಲೆ ಅವರ ಕ್ರೆಡಿಟ್ ನೋಟು ಬಂದಾಗ ಅದನ್ನೂ ಬರೆದಿದ್ದೀರಿ. ಎರಡೂ ಒಂದೇ ವಾಪಸಾತಿಯ ಕಾಗದಗಳು, ಒಂದು ನಮೂದನ್ನು ರದ್ದು ಮಾಡಿ.

ಉಳಿಯುವುದಿಷ್ಟು: ನಿಮ್ಮಲ್ಲಿ ಅವರ ಖಾತೆಗೆ 10,500 ಡೆಬಿಟ್, ಎದುರಿಗೆ ಖರೀದಿ ವಾಪಸಾತಿಗೆ 10,000 ಮತ್ತು ಇನ್‌ಪುಟ್ ಜಿಎಸ್‌ಟಿಗೆ 500 ಕ್ರೆಡಿಟ್. ಅವರಲ್ಲಿ ನಿಮ್ಮ ಖಾತೆಗೆ ಕ್ರೆಡಿಟ್, ಮಾರಾಟ ವಾಪಸಾತಿಗೂ ತೆರಿಗೆಗೂ ಡೆಬಿಟ್.

ಅವರ ಕ್ರೆಡಿಟ್ ನೋಟನ್ನು ಜೋಪಾನವಾಗಿಡಿ. ಅವರ ಜಿಎಸ್‌ಟಿ ಇಳಿಯುವುದು ಅದರಿಂದಲೇ, ನಿಮ್ಮ ಡೆಬಿಟ್ ನೋಟಿನಿಂದಲ್ಲ. ಆರ್ಥಿಕ ವರ್ಷ ಮುಗಿದ ಮೇಲೆ ತಡವೆಂದರೆ ನವೆಂಬರ್ 30ರೊಳಗೆ ಅವರು ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕು.